ತೂಗುವ ಕೇಬಲ್‌ನ ಆಕಾರವನ್ನು ಲೆಕ್ಕ ಹಾಕುವುದು ಹೇಗೆ?

ಎರಡು ಕಂಬಗಳ ನಡುವೆ ತೂಗುವ ಕೇಬಲ್ ಪ್ಯಾರಾಬೋಲಾದಂತೆ ಕಾಣುತ್ತದೆ, ಆದರೆ ಅದು ಪ್ಯಾರಾಬೋಲಾ ಅಲ್ಲ. ಸರಿಯಾದ ಉತ್ತರ 1691ರಲ್ಲಿ ಸಿಕ್ಕಿತು. ಲೈಬ್ನಿಜ್, ಹೈಗೆನ್ಸ್ ಮತ್ತು ಯೋಹಾನ್ ಬರ್ನೂಲಿ ಮೂವರೂ ಬೇರೆ ಬೇರೆಯಾಗಿ ಅದನ್ನು ಕಂಡುಕೊಂಡರು.

ಮೊದಲು ಬಲಗಳ ಲೆಕ್ಕ. ಕೇಬಲ್‌ನ ಅತಿ ತಗ್ಗಿನ ಬಿಂದುವಿನಿಂದ ಬಲಕ್ಕೆ ಒಂದು ತುಂಡನ್ನು ತೆಗೆದುಕೊಳ್ಳಿ. ತಗ್ಗಿನ ತುದಿಯಲ್ಲಿ ಎಳೆತ ಅಡ್ಡಕ್ಕೆ ಮಾತ್ರ ಇದೆ, ಅದು H. ಮೇಲಿನ ತುದಿಯ ಎಳೆತ ಓರೆ. ಅದರ ಅಡ್ಡ ಪಾಲು H, ನೆಟ್ಟನೆಯ ಪಾಲು ತುಂಡಿನ ತೂಕಕ್ಕೆ ಸಮ. ಹಾಗಾಗಿ ಅಲ್ಲಿನ ಇಳಿಜಾರು:

y' = ws/H

ಇಲ್ಲಿ w ಒಂದು ಮೀಟರ್ ಕೇಬಲ್‌ನ ತೂಕ, s ತುಂಡಿನ ಉದ್ದ. ಹೆಚ್ಚಿನವರು ಎಡವುವುದು ಇಲ್ಲೇ. s ಬದಲು ಅಡ್ಡ ದೂರ x ಬರೆದುಬಿಡುತ್ತಾರೆ. ಆಗ ತೂಕ ಕೇಬಲ್ ಮೇಲೆ ಅಲ್ಲ, ನೆಲದ ಉದ್ದಕ್ಕೂ ಸಮನಾಗಿ ಹರಡಿದೆ ಎಂದಾಗುತ್ತದೆ, ಪ್ಯಾರಾಬೋಲಾ ಬರುತ್ತದೆ. ಸೇತುವೆಯ ಹಾಸಿನ ಭಾರವೇ ಜಾಸ್ತಿಯಿರುವ ತೂಗುಸೇತುವೆಗೆ ಅದು ಸರಿ, ಬರೀ ಕೇಬಲ್‌ಗೆ ಅಲ್ಲ.

x ಪ್ರಕಾರ ಡಿಫರೆನ್ಷಿಯೇಟ್ ಮಾಡಿ, ds/dx = √(1 + y'²) ಎಂಬುದನ್ನು ಬಳಸಿ, a = H/w ಎಂದಿಡಿ:

y'' = (1/a)√(1 + y'²)

ಇದು ಎರಡನೇ ಆರ್ಡರ್ ಸಮೀಕರಣ. ಆದರೆ y ಒಂಟಿಯಾಗಿ ಎಲ್ಲೂ ಇಲ್ಲ, ಅಲ್ವಾ? ಹಾಗಾಗಿ p = y' ಎಂದಿಟ್ಟರೆ y'' ಎಂದರೆ dp/dx. ಆರ್ಡರ್ ಒಂದಕ್ಕೆ ಇಳಿಯಿತು:

dp/√(1 + p²) = dx/a

x ಕೂಡ ಕಾಣದ್ದರಿಂದ ಕೆಲವರು y'' = p dp/dy ಹಾಕುತ್ತಾರೆ. ತಪ್ಪಲ್ಲ, ಆದರೆ ಸುಮ್ನೆ ವರ್ಗಮೂಲ ಹೊತ್ತು ತಿರುಗಬೇಕಾಗುತ್ತದೆ. dp/dx ದಾರಿಯನ್ನೇ ಹಿಡಿಯಿರಿ. ಇಂಟಿಗ್ರೇಟ್ ಮಾಡಿದ ಕೂಡಲೇ ಸ್ಥಿರಾಂಕ ತೀರಿಸಿ: ತಗ್ಗಿನಲ್ಲಿ x = 0, p = 0. ಆದ್ದರಿಂದ p = sinh(x/a). ಮತ್ತೊಮ್ಮೆ ಇಂಟಿಗ್ರೇಟ್ ಮಾಡಿದರೆ

y = a cosh(x/a) + C

C ಸೊನ್ನೆಯಾಗುವುದು ತಗ್ಗಿನ ಬಿಂದುವನ್ನು a ಎತ್ತರದಲ್ಲಿಟ್ಟರೆ ಮಾತ್ರ. ಅದನ್ನು ಹೇಳದೆ C ಬಿಟ್ಟುಬಿಡುವ ಗೈಡ್‌ಗಳನ್ನು ನಂಬಬೇಡಿ. ಅವನ್ನು ಓದಿದವರು a ಎಂದರೆ ಜೋಲು, ಅಂದರೆ ಕಂಬದ ತುದಿಯಿಂದ ತಗ್ಗಿನ ಬಿಂದುವಿನವರೆಗಿನ ಆಳ, ಎಂದುಕೊಳ್ಳುತ್ತಾರೆ.

ಈಗ ಲೆಕ್ಕ. ಸಮ ಎತ್ತರದ ಕಂಬಗಳ ನಡುವೆ 100 ಮೀಟರ್, ಜೋಲು 10 ಮೀಟರ್ ಇರಲಿ. a(cosh(50/a) − 1) = 10 ಆಗಬೇಕು. ಇದನ್ನು ನೇರ ಬಿಡಿಸಲಾಗದು. ಪ್ಯಾರಾಬೋಲಾ ಸೂತ್ರ ಕೊಡುವ 125ರಿಂದ ಶುರು ಮಾಡಿ. ಜೋಲು 10.13 ಬರುತ್ತದೆ, ಅಂದರೆ a ಸ್ವಲ್ಪ ಹೆಚ್ಚಬೇಕು. 126.6 ಹಾಕಿದರೆ ಕೂಡಿಬರುತ್ತದೆ. ಕೇಬಲ್‌ನ ಉದ್ದ 2a sinh(50/a), ಸುಮಾರು 102.6 ಮೀಟರ್.

ಪ್ರತಿ ಮೀಟರ್‌ಗೆ 10 ನ್ಯೂಟನ್ ತೂಗುವ ಕೇಬಲ್ ಆದರೆ H 1266 ನ್ಯೂಟನ್. C ಸೊನ್ನೆಯಾಗುವಂತೆ y ಅಳೆದರೆ ಎಳೆತ ಎಲ್ಲೆಡೆ wy ಆಗಿರುವುದರಿಂದ ಕಂಬದ ತುದಿಯಲ್ಲಿ ಅದು 1366. ಕೇಬಲ್ ತಾಳುತ್ತದೆಯೇ ಎಂದು ನೋಡುವಾಗ H ಅಲ್ಲ, ಈ ಸಂಖ್ಯೆಯನ್ನು ಹಿಡಿಯಿರಿ.