ಲೈಕ್ ಏರಿದರೆ ಬಿಲ್ ಏರಿತೇ? ಗಲ್ಲಾಪೆಟ್ಟಿಗೆಯ ಬಳಿ ಅಳೆಯುವ ಕ್ರಮ

ಮಕ್ಕಳ ಉಡುಪಿನ ಅಂಗಡಿಯೊಂದರ ಒಡತಿ ದಿನವೂ ಬೆಳಿಗ್ಗೆ ಬೀಗ ತೆಗೆಯುವ ಮೊದಲೇ ಫೋನ್ ತೆರೆದು ಸಾಮಾಜಿಕ ಜಾಲತಾಣದಲ್ಲಿನ ಅಂಗಡಿಯ ಪುಟಕ್ಕೆ ಬಂದ ಲೈಕ್‌ಗಳನ್ನು ನೋಡುತ್ತಿದ್ದರು. ಎಂಟು ವಾರಗಳಲ್ಲಿ ಆ ಸಂಖ್ಯೆ 2,400ರಿಂದ 6,100ಕ್ಕೆ ಏರಿತು. ಆರು ಸಾವಿರ ದಾಟಿದ ದಿನ ಅವರು ಕೆಲಸದವರಿಗೆಲ್ಲ ಸಿಹಿ ಹಂಚಿದರು. ಕ್ಯಾಷಿಯರ್ ತಮ್ಮ ಪಾಲನ್ನು ತೆಗೆದುಕೊಂಡು, ಬಿಲ್ ಪ್ರಿಂಟರಿನ ಮುಚ್ಚಳ ತೆರೆದು ಒಳಗಿದ್ದ ಕಾಗದದ ರೋಲನ್ನು ತೋರಿಸಿದರು. "ಮೇಡಂ, ಮೊದಲೂ ವಾರಕ್ಕೆ ಎರಡು ರೋಲ್ ಮುಗಿಯುತ್ತಿತ್ತು, ಈಗಲೂ ಎರಡೇ. ರೋಲ್ ಮುಗಿಯಲು ಬಂದಾಗ ಅಂಚಿನಲ್ಲಿ ಕೆಂಪು ಗೆರೆ ಕಾಣಿಸಿಕೊಳ್ಳುವ ದಿನ ಕೂಡ ಬದಲಾಗಿಲ್ಲ" ಎಂದರು.

ಒಡತಿಗೆ ಮೊದಲು ಸಿಟ್ಟೇ ಬಂತು. ಆಮೇಲೆ ಇಬ್ಬರೂ ಕುಳಿತು ಮಾಡಿದ ಲೆಕ್ಕ ಯಾವ ಸಣ್ಣ ಅಂಗಡಿಯವರೂ ಮಾಡಬಹುದಾದಂಥದ್ದು. ಅದಕ್ಕೆ ಒಂದು ನೋಟ್‌ಬುಕ್ ಮತ್ತು ಬಿಲ್ಲಿಂಗ್ ಯಂತ್ರ ಈಗಾಗಲೇ ಕೊಡುತ್ತಿರುವ ದಿನದ ವರದಿ ಇದ್ದರೆ ಸಾಕು.

ಮೊದಲ ಕೆಲಸ, ಎರಡೂ ಸಂಖ್ಯೆಗಳನ್ನು ಒಂದೇ ಅಳತೆಗೆ ತರುವುದು. ಪುಟದ ಮೇಲೆ ಕಾಣುವುದು ಅಂಗಡಿ ಪುಟ ತೆರೆದಂದಿನಿಂದ ಕೂಡುತ್ತ ಬಂದ ಮೊತ್ತ. ಒಮ್ಮೆ ಲೈಕ್ ಕೊಟ್ಟವರು ಹಿಂತೆಗೆದುಕೊಳ್ಳುವುದು ಅಪರೂಪವಾದ್ದರಿಂದ ಅದು ಸಾಮಾನ್ಯವಾಗಿ ಇಳಿಯುವುದೇ ಇಲ್ಲ. ವ್ಯಾಪಾರ ಮಲಗಿದ್ದರೂ ಅದು ಏರುತ್ತಲೇ ಇರುತ್ತದೆ. ಗಲ್ಲಾಪೆಟ್ಟಿಗೆಯಾದರೋ ಪ್ರತಿದಿನ ಸೊನ್ನೆಯಿಂದ ಆರಂಭವಾಗುತ್ತದೆ. ಆದ್ದರಿಂದ ವಾರಕ್ಕೆ ಹೊಸದಾಗಿ ಬಂದ ಲೈಕ್ ಎಷ್ಟು, ಅದೇ ವಾರ ಹರಿದುಕೊಟ್ಟ ಬಿಲ್ ಎಷ್ಟು ಎಂದು ಅಕ್ಕಪಕ್ಕದಲ್ಲಿ ಬರೆದುಕೊಳ್ಳಬೇಕು. ಬಿಲ್ಲಿನ ಮೊತ್ತಕ್ಕಿಂತ ಬಿಲ್ಲಿನ ಸಂಖ್ಯೆಯನ್ನು ಮೊದಲು ನೋಡುವುದು ಒಳ್ಳೆಯದು, ಏಕೆಂದರೆ ಒಬ್ಬರೇ ದೊಡ್ಡ ಗಿರಾಕಿ ಬಂದು ಹೋದರೂ ಮೊತ್ತ ಉಬ್ಬುತ್ತದೆ. ರಜೆಯ ದಿನ ಮತ್ತು ವಾರದ ನಡುವಿನ ದಿನಗಳ ವ್ಯಾಪಾರ ಬೇರೆಬೇರೆಯಾಗಿರುವುದರಿಂದ ದಿನವನ್ನು ದಿನದೊಂದಿಗೆ ಹೋಲಿಸದೆ ಪೂರ್ತಿ ವಾರವನ್ನೇ ಹಿಡಿಯಬೇಕು.

ಈ ಅಂಗಡಿಯಲ್ಲಿ ಹೊಸ ಲೈಕ್ ವಾರಕ್ಕೆ ಸರಾಸರಿ 462ರಷ್ಟು ಬಂದಿತ್ತು. ಬಿಲ್‌ಗಳು ಮಾತ್ರ ಕ್ರಮವಾಗಿ 212, 208, 219, 205, 211, 198, 207, 204. ಮೂರನೇ ವಾರದ 219ನ್ನು ಬೆರಳಿಟ್ಟು ತೋರಿಸಿ ಒಡತಿ, "ಇಲ್ಲಿ ಏರಿದೆಯಲ್ಲ!" ಎಂದರು. ಬಹಳ ಮಂದಿ ಎಡವುವುದು ಇಲ್ಲಿಯೇ. ಗಿರಾಕಿಗಳು ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಬರುವ ಕಡೆ ಎಣಿಕೆ ತಾನಾಗಿಯೇ ಅಲುಗಾಡುತ್ತದೆ. ಆ ಅಲುಗಾಟ ಸುಮಾರಾಗಿ ಸರಾಸರಿಯ ವರ್ಗಮೂಲದಷ್ಟಿರುತ್ತದೆ. ಸರಾಸರಿ 208 ಬಿಲ್ ಆದರೆ 14ರಷ್ಟು ಮೇಲೆ ಕೆಳಗೆ ಹೋಗುವುದು ಸಹಜ. ಅದರ ಎರಡರಷ್ಟು, ಅಂದರೆ 28ರಿಂದ 30ರಷ್ಟು ಏರಿದಾಗ ಮಾತ್ರ ಏನೋ ನಡೆದಿರಬಹುದೆಂದು ಅನುಮಾನಿಸಬೇಕು. ಎಂಟೂ ವಾರಗಳು ಆ ಗಡಿಯ ಒಳಗೇ ಇದ್ದವು.

ಎರಡನೆಯ ಕೆಲಸ, ಲೈಕ್ ಕೊಟ್ಟವರು ಯಾರೆಂದು ನೋಡುವುದು. ಪುಟದ ಅಂಕಿಅಂಶಗಳ ವಿಭಾಗದಲ್ಲಿ ಅನುಸರಿಸುವವರು ಯಾವ ಯಾವ ಊರಿನವರೆಂಬ ಪಟ್ಟಿ ಸಿಗುತ್ತದೆ. ಒಡತಿ ಅದನ್ನು ಒಮ್ಮೆಯೂ ತೆರೆದಿರಲಿಲ್ಲ. ತೆರೆದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಅಂಗಡಿಗೆ ಬರಲಾಗದಷ್ಟು ದೂರದವರೆಂದು ತಿಳಿಯಿತು, ಅಂಗಡಿಯಾದರೋ ಪಾರ್ಸೆಲ್ ಕಳುಹಿಸುವುದಿಲ್ಲ. ಕಾರಣ ಎರಡು. "ಲೈಕ್ ಮಾಡಿ, ಹಂಚಿ, ಬಹುಮಾನ ಗೆಲ್ಲಿ" ಎಂಬ ಸ್ಪರ್ಧೆ ಬಹುಮಾನ ಬೇಕಾದವರನ್ನು ಕರೆತಂದಿತ್ತು, ಅವರಲ್ಲಿ ಬಟ್ಟೆ ಬೇಕಾದವರು ಎಷ್ಟಿದ್ದರೋ. ಜೊತೆಗೆ, ಜಾಹೀರಾತು ಹಾಕುವಾಗ ಕೇಳುವ ಉದ್ದೇಶದ ಪಟ್ಟಿಯಲ್ಲಿ ಒಡತಿ ಎಂಗೇಜ್‌ಮೆಂಟ್ ಎಂಬುದನ್ನು ಆರಿಸಿದ್ದರು. ಹಾಗೆ ಆರಿಸಿದರೆ ಜಾಹೀರಾತು ಲೈಕ್, ಕಾಮೆಂಟ್ ಮಾಡುವ ಅಭ್ಯಾಸವಿರುವವರನ್ನು ಹುಡುಕಿಕೊಂಡು ಹೋಗುತ್ತದೆ. ಕೊಳ್ಳುವವರನ್ನು ಹುಡುಕು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಕೇಳಿದ್ದನ್ನೇ ಅದು ಕೊಟ್ಟಿದೆ ಎಂದಮೇಲೆ ಯಂತ್ರವನ್ನು ದೂರುವುದು ನನ್ನ ಮಟ್ಟಿಗೆ ನ್ಯಾಯವಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ಪುಟವನ್ನು ನೋಡಿ ಬಂದವರು ಯಾರೆಂದು ಕೌಂಟರಿನಲ್ಲಿ ಗುರುತಿಸುವುದು. ಪುಟದಲ್ಲಿ ಮಾತ್ರ ಹಾಕಿದ, ಬೇರೆಲ್ಲೂ ಬರೆಯದ ಒಂದು ಚಿಕ್ಕ ಕೋಡ್ ಕೊಟ್ಟು, ಅದನ್ನು ಹೇಳಿದವರಿಗೆ ಸಣ್ಣ ರಿಯಾಯಿತಿ ಕೊಡಬೇಕು. ಕ್ಯಾಷಿಯರ್ ಕೋಡನ್ನು ಬಿಲ್ಲಿನಲ್ಲೇ ನಮೂದಿಸಬೇಕು. ಆಮೇಲೆ ನೆನಪಿನಿಂದ ಬರೆಯುತ್ತೇನೆಂದರೆ ಜನಸಂದಣಿಯ ಹೊತ್ತಿನ ಬಿಲ್‌ಗಳೆಲ್ಲ ತಪ್ಪಿಹೋಗುತ್ತವೆ. ಇನ್ನೊಂದು ತೊಡಕೆಂದರೆ ಕೋಡ್ ಸೋರುವುದು. ಮುಂದೆ ನಿಂತವರು ಹೇಳಿದ್ದನ್ನು ಕೇಳಿ ಹಿಂದಿನವರೂ ಅದನ್ನೇ ಹೇಳುತ್ತಾರೆ, ಮಾರಾಟದ ಹುಡುಗಿಯೇ ಕನಿಕರದಿಂದ ಹೇಳಿಕೊಡುವುದೂ ಉಂಟು. ಕೋಡ್ ಬಿಲ್‌ಗಳು ಒಂದೇ ಗಂಟೆಯಲ್ಲಿ ಸಾಲಾಗಿ ಬಿದ್ದಿದ್ದರೆ ಸೋರಿದೆ ಎಂದೇ ತಿಳಿಯಬೇಕು.

ಕೋಡ್ ಹೇಳಿದವರೆಲ್ಲ ಹೊಸಬರೆಂದು ಭಾವಿಸುವುದೂ ತಪ್ಪು. ಈ ಅಂಗಡಿಯಲ್ಲಿ ಎರಡು ವಾರಗಳ 411 ಬಿಲ್‌ಗಳ ಪೈಕಿ 19ರಲ್ಲಿ ಕೋಡ್ ಇತ್ತು. ಗಿರಾಕಿಗಳು ಒಪ್ಪಿ ಕೊಟ್ಟ ಫೋನ್ ಸಂಖ್ಯೆಗಳನ್ನು ಹಳೆಯ ಬಿಲ್‌ಗಳೊಂದಿಗೆ ತಾಳೆ ನೋಡಿದಾಗ 13 ಮಂದಿ ಮೊದಲಿನಿಂದ ಬರುತ್ತಿದ್ದವರೇ ಆಗಿದ್ದರು. ಕೋಡ್ ಇಲ್ಲದಿದ್ದರೂ ಅವರು ಕೊಳ್ಳುತ್ತಿದ್ದರು, ಪೂರ್ತಿ ಬೆಲೆಗೇ ಕೊಳ್ಳುತ್ತಿದ್ದರು. ಹಾಗಾಗಿ ಅವರಿಗೆ ಬಿಟ್ಟ ರಿಯಾಯಿತಿಯನ್ನೂ ಜಾಹೀರಾತಿನ ಖರ್ಚಿಗೇ ಸೇರಿಸಬೇಕು. ನಿಜವಾಗಿ ಹೊಸಬರು 6 ಮಂದಿ.

ಇನ್ನು ಉಳಿದದ್ದು ಭಾಗಾಕಾರ. ಒಟ್ಟು ಖರ್ಚನ್ನು ಹೊಸ ಗಿರಾಕಿಗಳ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಒಂದು ಬಿಲ್ಲಿನಿಂದ ಸಿಗುವ ಸರಾಸರಿ ಲಾಭದೊಂದಿಗೆ ಹೋಲಿಸಬೇಕು. ಲಾಭವೆಂದರೆ ಮಾರಿದ ಬೆಲೆಯಲ್ಲ, ಅದರಲ್ಲಿ ಸರಕಿನ ಖರೀದಿ ಬೆಲೆ ಕಳೆದು ಉಳಿದದ್ದು. ಇಲ್ಲಿ ಒಬ್ಬ ಹೊಸ ಗಿರಾಕಿಯನ್ನು ತರಲು ನಾಲ್ಕು ಬಿಲ್ಲಿನ ಲಾಭ ಖರ್ಚಾಗಿತ್ತು. ಆತ ನಾಲ್ಕು ಸಲ ಬಂದರೆ ಹಾಕಿದ್ದು ಹಿಂದಿರುಗುತ್ತದೆ, ಗಳಿಕೆ ಐದನೆಯ ಸಲದಿಂದ.

ಒಡತಿ ಸ್ಪರ್ಧೆಯನ್ನು ನಿಲ್ಲಿಸಿದರು. ಖರ್ಚನ್ನು ಅಷ್ಟೇ ಇಟ್ಟುಕೊಂಡು, ಜಾಹೀರಾತು ಅಂಗಡಿಯ ಸುತ್ತಲಿನ ಕೆಲವು ಕಿಲೋಮೀಟರ್‌ಗಳೊಳಗೆ ಮಾತ್ರ ಕಾಣುವಂತೆ ಮಾಡಿ, ಉದ್ದೇಶವನ್ನು ಅಂಗಡಿಗೆ ಸಂದೇಶ ಕಳುಹಿಸುವುದಕ್ಕೆ ಬದಲಿಸಿದರು. ಅಳತೆಗಳಿಗೆ ತಕ್ಕಂತೆ ಯಾವ ಉಡುಪು ದಾಸ್ತಾನಿದೆ ಎಂಬುದನ್ನು ಚಿತ್ರದೊಂದಿಗೆ ಬರೆಯತೊಡಗಿದರು. ಹೊಸ ಲೈಕ್ ವಾರಕ್ಕೆ 40ಕ್ಕೆ ಕುಸಿಯಿತು. ನಾಲ್ಕು ವಾರಗಳ ಬಿಲ್‌ಗಳು 203, 214, 222, 226, ಒಟ್ಟು 865. ಹಳೆಯ ಲೆಕ್ಕದಂತೆ ನಾಲ್ಕು ವಾರಕ್ಕೆ 832 ಆಗಬೇಕಿತ್ತು. ಹೆಚ್ಚಾದದ್ದು 33, ನಂಬಬೇಕಾದರೆ 832ರ ವರ್ಗಮೂಲದ ಎರಡರಷ್ಟು, ಅಂದರೆ 58ರಷ್ಟಾದರೂ ಬೇಕು ಎಂದು ಕ್ಯಾಷಿಯರ್ ತಲೆಯಾಡಿಸಿದರು. ಆದರೆ ಕೋಡ್ ಹೇಳಿ ಬಂದ ಹೊಸಬರು ಈ ಸಲ 31 ಮಂದಿ, ತಲಾ ಖರ್ಚು ಸುಮಾರು ಒಂದೂವರೆ ಬಿಲ್ಲಿನ ಲಾಭ. ಈಗ ಕ್ಯಾಷಿಯರ್ ನೋಟ್‌ಬುಕ್ಕಿನಲ್ಲಿ ಇನ್ನೊಂದು ಅಂಕಣ ಎಳೆದಿದ್ದಾರೆ. ಆ 31 ಫೋನ್ ಸಂಖ್ಯೆಗಳ ಪೈಕಿ ಯಾವುದು ಎರಡನೆಯ ಸಲ ಬಿಲ್ಲಿನ ಮೇಲೆ ಬರುತ್ತದೋ ಅದರ ಮುಂದೆ ಒಂದು ಗುರುತು ಹಾಕುತ್ತಾರೆ. ಇದುವರೆಗೆ ಐದು ಗುರುತು ಬಿದ್ದಿವೆ.