ಸಾಗಣೆ ಕೋಷ್ಟಕದಲ್ಲಿ ಒಂದು ಮನೆ ಕಡಿಮೆ ಬಿದ್ದಾಗ

ಸಾಲುಗಳ ಪೂರೈಕೆ 20, 30, 25. ಕಂಬಸಾಲುಗಳ ಬೇಡಿಕೆ 20, 35, 20. ವಾಯವ್ಯ ಮೂಲೆಯಿಂದ ತುಂಬಿದಾಗ ಮೊದಲ ಸಾಲೂ ಮೊದಲ ಕಂಬಸಾಲೂ ಒಟ್ಟಿಗೇ ಮುಗಿದವು. 3+3−1=5 ಮನೆಗಳು ಬೇಕಿದ್ದಲ್ಲಿ ನಾಲ್ಕೇ ತುಂಬಿದ್ದವು: (1,1), (2,2), (3,2), (3,3). ತುಂಬಿದ ಪ್ರತಿ ಮನೆಯ ವೆಚ್ಚ ಅದರ ಸಾಲಿನ u, ಕಂಬಸಾಲಿನ v ಎರಡರ ಮೊತ್ತವಾಗಬೇಕು. ಹೀಗಾಗಿ u₁=0 ಎಂದಿಟ್ಟರೆ v₁ ಸಿಕ್ಕಿ ಲೆಕ್ಕ ಅಲ್ಲಿಗೇ ನಿಂತಿತು.

ಖಾಲಿ ಮನೆಯೊಂದಕ್ಕೆ ε ಎಂಬ ಸೊನ್ನೆಗೆ ಹತ್ತಿರದ ಸಣ್ಣ ಮೊತ್ತ ಹಾಕಿ ಅದನ್ನು ತುಂಬಿದ್ದೆಂದು ಎಣಿಸಬೇಕು. ಅತಿ ಅಗ್ಗದ್ದು (2,3), ವೆಚ್ಚ 1 ರೂಪಾಯಿ. ಆದರೆ ಅದು (2,2), (3,2), (3,3) ಜೊತೆ ಮುಚ್ಚಿದ ಕುಣಿಕೆಯಾಗುತ್ತದೆ. ಮೊದಲ ಸಾಲು ಒಂಟಿಯಾಗಿಯೇ ಉಳಿಯುತ್ತದೆ. ಅಗ್ಗವೆಂಬ ಸೂತ್ರವನ್ನಷ್ಟೇ ನಂಬುವವರು ಎಡವುವುದು ಇಲ್ಲಿಯೇ. 2 ರೂಪಾಯಿಯ (1,2)ರಲ್ಲಿ ε ಇಟ್ಟೆ. ಎಲ್ಲ u, v ಬೆಲೆಗಳೂ ಸಿಕ್ಕವು. ಖಾಲಿ ಮನೆಗಳ ವೆಚ್ಚದಿಂದ u+v ಕಳೆದಾಗ (2,3)ರಲ್ಲಿ −3 ಬಂತು, ಅಂದರೆ ಅಲ್ಲಿಗೆ ಸರಿಸುವ ಪ್ರತಿ ಘಟಕಕ್ಕೆ 3 ರೂಪಾಯಿ ಉಳಿತಾಯ. ಅಲ್ಲಿಗೆ 20 ಘಟಕ ಸರಿಸಿದಾಗ ವೆಚ್ಚ 290ರಿಂದ 230ಕ್ಕೆ ಇಳಿಯಿತು. ಮರುಪರೀಕ್ಷೆಯಲ್ಲಿ ಋಣ ಬೆಲೆ ಉಳಿಯಲಿಲ್ಲ. ಕೊನೆಗೆ ε ಅನ್ನು ಸೊನ್ನೆ ಮಾಡಿದೆ.