ಪೆಟ್ಟಿಗೆಯ ಲೆಕ್ಕ ಶುರುವಾಗುವುದು ಬ್ಯಾಚ್‌ನಿಂದ

ಮುಖ ತೊಳೆಯುವ ಜೆಲ್, ಮಾಯಿಶ್ಚರೈಸರ್, ಸೀರಮ್, ಲಿಪ್ ಬಾಮ್: ಇಂಥ ನಾಲ್ಕು ಸಣ್ಣ ಉತ್ಪನ್ನಗಳ ಪೆಟ್ಟಿಗೆಯನ್ನು ಬೆಂಗಳೂರಿನಿಂದ ಪ್ರತಿ ತಿಂಗಳು ಚಂದಾದಾರರಿಗೆ ಕಳುಹಿಸುತ್ತೇನೆ. ಈ ವ್ಯವಹಾರದಲ್ಲಿ ಎಲ್ಲರೂ ಮೊದಲು ಬೆಲೆಯ ಬಗ್ಗೆ ಕೇಳುತ್ತಾರೆ. ನಾನು ಮೊದಲು ಲೆಕ್ಕ ಹಾಕಿದ್ದು ಬ್ಯಾಚ್‌ನ, ಅಂದರೆ ಒಂದು ಬಾರಿಗೆ ತಯಾರಾಗುವ ಸರಕಿನ, ಗಾತ್ರವನ್ನು.

ದೊಡ್ಡ ಡಬ್ಬಿ ಕೊಂಡು ಮನೆಯಲ್ಲೇ ಸಣ್ಣ ಬಾಟಲಿಗಳಿಗೆ ತುಂಬಿದರೆ ಅಗ್ಗವಾಗುತ್ತದೆ ಎಂದು ಹಲವರು ಸಲಹೆ ಕೊಟ್ಟರು. ಆದರೆ ನಮ್ಮ ಕಾನೂನಿನಲ್ಲಿ ಮಾರಾಟಕ್ಕಾಗಿ ಹೀಗೆ ಮರುತುಂಬಿಸುವುದೂ ತಯಾರಿಕೆಯೇ, ಅದಕ್ಕೂ ಪರವಾನಗಿ ಬೇಕು. ಹಾಗಾಗಿ ಸೌಂದರ್ಯವರ್ಧಕ ತಯಾರಿಕೆಯ ಪರವಾನಗಿ ಇರುವ ಪೀಣ್ಯದ ಘಟಕವೊಂದರಲ್ಲಿ ಮಾಡಿಸುತ್ತೇನೆ. ಅವರು ಒಂದು ಬಾರಿಗೆ 25 ಕಿಲೋಗಿಂತ ಕಡಿಮೆ ಮಾಯಿಶ್ಚರೈಸರ್ ಕಲಸುವುದಿಲ್ಲ. ಪಾತ್ರೆ, ಕೊಳವೆಗಳಲ್ಲಿ ಉಳಿಯುವುದನ್ನು ಕಳೆದರೆ ಕೈಗೆ ಸಿಗುವುದು ಸುಮಾರು 24 ಕಿಲೋ. 15 ಗ್ರಾಂ ಡಬ್ಬಿಗಳಲ್ಲಿ ತುಂಬಿದರೆ 1,600 ಡಬ್ಬಿ. ಆರಂಭದಲ್ಲಿ ನಾನು ಲೆಕ್ಕಕ್ಕೆ ಇಟ್ಟುಕೊಂಡದ್ದು 300 ಚಂದಾದಾರರನ್ನು. ಅದೇ ಕ್ರೀಮನ್ನು ಐದು ತಿಂಗಳು ಸತತವಾಗಿ ಕಳುಹಿಸಿದರೆ ಯಾರು ಚಂದಾ ಮುಂದುವರಿಸುತ್ತಾರೆ?

ಹಾಗಾಗಿ ಒಂದೇ ಬ್ಯಾಚನ್ನು ಎರಡು ಅಳತೆಯಲ್ಲಿ ತುಂಬಿಸುತ್ತೇನೆ. ಪೆಟ್ಟಿಗೆಗೆ 15 ಗ್ರಾಂನ 350 ಡಬ್ಬಿ, ಅಂದರೆ ಐದೂಕಾಲು ಕಿಲೋ. ಉಳಿದದ್ದು 50 ಗ್ರಾಂನ 375 ಡಬ್ಬಿಗಳಾಗುತ್ತದೆ. ಚಿಕ್ಕದನ್ನು ಬಳಸಿ ಇಷ್ಟಪಟ್ಟವರು ದೊಡ್ಡದನ್ನು ಬಿಡಿಯಾಗಿ ಕೊಳ್ಳುತ್ತಾರೆ. ಉಳಿದ ಕ್ರೀಮನ್ನು ಡ್ರಮ್ಮಿನಲ್ಲೇ ಇಟ್ಟು ಮುಂದೆ ತುಂಬಿಸಲು ನಾನು ಒಪ್ಪುವುದಿಲ್ಲ. ಮುಚ್ಚಳ ತೆರೆದಷ್ಟು ಬಾರಿ ಬ್ಯಾಕ್ಟೀರಿಯಾ, ಬೂಷ್ಟು ಸೇರುವ ಅಪಾಯ ಹೆಚ್ಚು.

ಪೆಟ್ಟಿಗೆಯ ಬೆಲೆ 599 ರೂಪಾಯಿ. ಇದರಲ್ಲಿ ಶೇ. 18 ಜಿಎಸ್‌ಟಿ ಕಳೆದರೆ ಉಳಿಯುವುದು 508. ನಾಲ್ಕು ಉತ್ಪನ್ನಗಳಿಗೆ ಡಬ್ಬಿ, ಲೇಬಲ್ ಸೇರಿ 168, ಮುದ್ರಿಸಿದ ಪೆಟ್ಟಿಗೆಗೆ 28, ಒಳಗಿನ ಕಾಗದ ಮತ್ತು ಟೇಪಿಗೆ 10, ಕೊರಿಯರಿಗೆ 70, ಹಣ ಪಾವತಿಯ ಶುಲ್ಕಕ್ಕೆ 14. ಒಟ್ಟು 290. ಮಿಕ್ಕ 218 ರೂಪಾಯಿಯಲ್ಲಿ ಸಂಬಳ, ಜಾಹೀರಾತು, ಒಡೆದು ಹೋದವುಗಳ ಬದಲಿ, ಎಲ್ಲವೂ ನಡೆಯಬೇಕು. ಒಂದು ಸೂಕ್ಷ್ಮವಿದೆ: 2025ರ ಸೆಪ್ಟೆಂಬರಿನಿಂದ ಸ್ನಾನದ ಸೋಪಿಗೆ ತೆರಿಗೆ ಶೇ. 5 ಮಾತ್ರ. ಆದರೆ ಸೋಪನ್ನು ಕ್ರೀಮಿನ ಜೊತೆ ಸೇರಿಸಿ ಒಂದೇ ಬೆಲೆಗೆ ಮಾರಿದರೆ ಇಡೀ ಪೆಟ್ಟಿಗೆಗೆ ಹೆಚ್ಚಿನ ದರವೇ ಅನ್ವಯಿಸುತ್ತದೆ. ಸೋಪು ಸೇರಿಸಿ ತೆರಿಗೆ ಉಳಿಸುವ ಯೋಚನೆ ಇಲ್ಲಿ ನಡೆಯುವುದಿಲ್ಲ.

ಕೊರಿಯರಿನವರು ತೂಕದ ಜೊತೆಗೆ ಗಾತ್ರವನ್ನೂ ಲೆಕ್ಕ ಹಾಕುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸಿ, ಬಂದದ್ದನ್ನು ಕಿಲೋ ಎಂದು ಹಿಡಿಯುತ್ತಾರೆ. 24×20×8ರ ಚೆಂದದ ಪೆಟ್ಟಿಗೆಗೆ 768 ಗ್ರಾಂ ಬರುತ್ತದೆ, ಒಂದು ಕಿಲೋ ದರ ಕಟ್ಟಬೇಕು. ನಾನು ಆರಿಸಿದ 18×12×5 ಪೆಟ್ಟಿಗೆಯ ಗಾತ್ರ-ತೂಕ 216 ಗ್ರಾಂ ಮಾತ್ರ. ನಿಜವಾದ ತೂಕವೂ ಅರ್ಧ ಕಿಲೋ ದಾಟದಂತೆ ನೋಡಿಕೊಂಡರೆ ಮೊದಲ ದರದಲ್ಲೇ ಮುಗಿಯುತ್ತದೆ.

ಪೂರೈಕೆಯಲ್ಲಿ ತಡವಾಗುವುದು ಕ್ರೀಮಿಗಿಂತ ಹೆಚ್ಚಾಗಿ ಪಂಪು, ಮುಚ್ಚಳಗಳಿಂದ. ಸೀರಮ್ ಬಾಟಲಿಯ ಬಾಯಿ 20/410 ಆಗಿದ್ದು ಪಂಪು 20/415 ಆಗಿದ್ದರೆ ಅಗಲ ಒಂದೇ ಇರುತ್ತದೆ, ತಿರುಪಿನ ಎತ್ತರ ಬೇರೆ. ಕೈಯಲ್ಲಿ ತಿರುಗಿಸಿದಾಗ ಸರಿಯಾಗಿ ಕೂತಂತೆ ಕಂಡರೂ ಸೋರುತ್ತದೆ. ಹಾಗಾಗಿ ಪ್ರತಿ ಹೊಸ ಸರಕಿನಿಂದ ಕೆಲವನ್ನು ತುಂಬಿ, ಟಿಶ್ಯೂ ಕಾಗದದಲ್ಲಿ ಸುತ್ತಿ, ಅಡ್ಡ ಮಲಗಿಸಿ, ಮೇಲೆ ಭಾರವಿಟ್ಟು ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಕಾಗದದಲ್ಲಿ ಎಣ್ಣೆಯ ಕಲೆ ಕಂಡರೆ ಆ ಸರಕು ವಾಪಸ್ಸು. ಇನ್ನು ಕ್ರೀಮಿನ ಸೂಕ್ಷ್ಮಾಣು ಪರೀಕ್ಷೆಗೆ ವಾರ ಹಿಡಿಯುತ್ತದೆ, ಏಕೆಂದರೆ ಬೂಷ್ಟು ಬೆಳೆಯುತ್ತದೆಯೇ ಎಂದು ಕಾದೇ ನೋಡಬೇಕು. ವರದಿ ಬರುವವರೆಗೆ ಒಂದು ಡಬ್ಬಿಯೂ ಹೊರಗೆ ಹೋಗುವುದಿಲ್ಲ.

ಬಾಮ್ ಅನ್ನು ನವೆಂಬರಿನಿಂದ ಫೆಬ್ರುವರಿಯವರೆಗೆ ಮಾತ್ರ ಇಡುತ್ತೇನೆ. ಅದರಲ್ಲಿರುವ ಶಿಯಾ ಬೆಣ್ಣೆ ಮೈಬಿಸಿಗೇ ಕರಗುವ ವಸ್ತು. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಕೊರಿಯರ್ ವ್ಯಾನಿನೊಳಗೆ ಕರಗಿ, ಮತ್ತೆ ಗಟ್ಟಿಯಾಗುವಾಗ ಮರಳು ಮರಳಾಗುತ್ತದೆ. ಉಳಿದ ತಿಂಗಳುಗಳಲ್ಲಿ ಬಾಮಿನ ಜಾಗಕ್ಕೆ ಇನ್ನೊಂದು ಜೆಲ್ ಬರುತ್ತದೆ.

ಇನ್ನುಳಿದ ತೊಡಕು ಸಂಖ್ಯೆಯದು. ಡಬ್ಬಿಗಳಿಗೆ ಬೇಡಿಕೆ ಕೊಡುವಾಗ ಈ ತಿಂಗಳು ಎಷ್ಟು ಜನ ಉಳಿಯುತ್ತಾರೆಂದು ಗೊತ್ತಿರುವುದಿಲ್ಲ. ಸ್ವಯಂ ಪಾವತಿಗೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಬೇಕು. ಸೂಚನೆ ನೋಡಿ ಕೆಲವರು ನಿಲ್ಲಿಸುತ್ತಾರೆ, ಕೆಲವರ ಖಾತೆಯಲ್ಲಿ ಹಣವಿರುವುದಿಲ್ಲ. ಹೀಗಾಗಿ 1ನೇ ತಾರೀಖು ಹಣ ಪಡೆಯಲು ಶುರು ಮಾಡಿ, ವಿಫಲವಾದವನ್ನು 4ರವರೆಗೆ ಮತ್ತೆ ಯತ್ನಿಸಿ, 5ಕ್ಕೆ ಅಂತಿಮ ಪಟ್ಟಿ ತೆಗೆದು ಪೆಟ್ಟಿಗೆ ಕಟ್ಟಲು ಕೂರುತ್ತೇವೆ. ಉಳಿದ ಡಬ್ಬಿಗಳು ಹೊಸದಾಗಿ ಸೇರುವವರ ಮೊದಲ ಪೆಟ್ಟಿಗೆಗೆ ಹೋಗುತ್ತವೆ. ಆ ಪೆಟ್ಟಿಗೆಯಲ್ಲಿ ಏನಿರುತ್ತದೆಂದು ಮೊದಲೇ ಹೇಳುವುದಿಲ್ಲ, ಆದರೆ ಅವಧಿ ಮುಗಿಯಲು ಕನಿಷ್ಠ ಒಂದು ವರ್ಷವಿರುವುದನ್ನಷ್ಟೇ ಇಡುತ್ತೇನೆ.